ಸಿ ಮೇಜರ್ ಹಾಡಿಗೆ ಎಫ್ ಮೈನರ್: ಬರೀ ಕೀಬೋರ್ಡಲ್ಲಿ ಚೆನ್ನ, ಹಾಡಿದ ಕೂಡಲೇ ಕರ್ಕಶ. ಯಾಕೆ?

ಮೂರು_ಸಪ್ತಕ:
ಹಾಡು ಸಿ ಮೇಜರ್‌ನಲ್ಲಿದೆ. ಪಲ್ಲವಿಗೆ ನಾಲ್ಕು ಬಾರ್‌ನ ಒಂದೇ ಸಾಲು, ಎರಡು ಸಲ ಬರುತ್ತದೆ.

```
| C | Am | F | C |
```

ಎರಡನೇ ಸಲ ಸ್ವಲ್ಪ ಬೇರೆ ಬಣ್ಣ ಬರಲಿ ಅಂತ ಎಫ್ ತೆಗೆದು ಎಫ್ ಮೈನರ್ ಹಾಕಿದೆ. ಪ್ಯಾರಲಲ್ ಮೈನರ್‌ನಿಂದ ಕಾರ್ಡ್ ಎರವಲು ತರಬಹುದು ಅನ್ನೋದು ಗೊತ್ತು. ಹಾಡಿನ ಮುಂಚೆ ಬರೀ ವಾದ್ಯ ಇರುವ ಕಡೆ ಇದೇ ಸಾಲು ತುಂಬಾ ಚೆನ್ನಾಗಿ ಕೇಳುತ್ತೆ. ಆದರೆ ಗಾಯಕಿ ಹಾಡಲು ಶುರು ಮಾಡಿದ ಮೇಲೆ ಮೂರನೇ ಬಾರ್ ಮಾತ್ರ ಅಪಸ್ವರ. ಅವರು ಶ್ರುತಿ ಬಿಟ್ಟಿಲ್ಲ, ಅದನ್ನು ಬೇರೆಯಾಗಿ ಕೇಳಿ ನೋಡಿದ್ದೇನೆ. ಹಾಗಾದರೆ ತಪ್ಪು ಎಲ್ಲಿದೆ?

ತಾಳ_ತಪ್ಪದವ:
ಸಿ ಮೇಜರ್‌ಗೆ ಜೋಡಿ ಮೈನರ್ ಅಂದ್ರೆ ಎ ಮೈನರ್ ಅಲ್ವಾ? ಅದರಲ್ಲಿ ಎಫ್ ಮೈನರ್ ಇಲ್ಲವೇ ಇಲ್ಲ. ಅದಕ್ಕೇ ಅಪಸ್ವರ. ಡಿ ಮೈನರ್ ಹಾಕಿ, ಸರಿಹೋಗುತ್ತೆ.

ಮಂದ್ರಸ್ಥಾಯಿ:
ತಾಳ ತಪ್ಪದವರೇ, ನೀವು ಹೇಳಿದ್ದು ರಿಲೇಟಿವ್ ಮೈನರ್. ಇಲ್ಲಿ ಮಾತು ಪ್ಯಾರಲಲ್ ಮೈನರ್‌ದು. ಎ ಮೈನರ್ ಅನ್ನೋದು ಸಿ ಮೇಜರ್‌ನ ಅವೇ ಏಳು ಸ್ವರ, ಷಡ್ಜ ಮಾತ್ರ ಬೇರೆ ಕಡೆ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಸಿಗುವ ಗ್ರಹಭೇದದ ಹಾಗೆ. ಅಲ್ಲಿಂದ ಏನನ್ನೂ ಎರವಲು ತರಲು ಆಗಲ್ಲ, ಯಾಕೆಂದರೆ ಎಲ್ಲ ಮೊದಲೇ ಮನೆಯಲ್ಲಿದೆ. ಡಿ ಮೈನರ್ ಹಾಕಿದರೆ ಕರ್ಕಶ ಹೋಗುತ್ತೆ ನಿಜ, ಆದರೆ ಅವರು ಬಯಸಿದ ಬಣ್ಣವೂ ಜೊತೆಗೇ ಹೋಗುತ್ತೆ.

ಪ್ಯಾರಲಲ್ ಮೈನರ್‌ನಲ್ಲಿ ಷಡ್ಜ ಅಲ್ಲೇ ಇರುತ್ತೆ, ಮೂರು ಸ್ವರ ಅರ್ಧ ಮೆಟ್ಟಿಲು ಕೆಳಗಿಳಿಯುತ್ತವೆ: ಇ ಇದ್ದದ್ದು ಇ ಫ್ಲಾಟ್, ಎ ಇದ್ದದ್ದು ಎ ಫ್ಲಾಟ್, ಬಿ ಇದ್ದದ್ದು ಬಿ ಫ್ಲಾಟ್. ಎರವಲು ಬರುವುದು ಈ ಮೂರೇ. ಎಫ್ ಮೈನರ್ ಕಾರ್ಡ್‌ನಲ್ಲಿ ಇವುಗಳ ಪೈಕಿ ಎ ಫ್ಲಾಟ್ ಒಂದೇ ಇದೆ.

ಮೂರು ಸಪ್ತಕದವರೇ, ಎರಡು ವಿಷಯ ತಿಳಿಸಿ. ಮೂರನೇ ಬಾರ್‌ನಲ್ಲಿ ಗಾಯಕಿ ಹಾಡುವ ಸ್ವರ ಯಾವುದು, ಯಾವುದಕ್ಕೆ ಎಷ್ಟು ಬೀಟ್? ಕೀಬೋರ್ಡ್ ಮೇಲೆ ನಿಮ್ಮ ಬೆರಳು ಯಾವ ಯಾವ ಕೀ ಮೇಲಿವೆ? ಕಾರ್ಡ್ ಹೆಸರು ಸಾಲದು, ಬೆರಳು ಬೇಕು.

ಮೂರು_ಸಪ್ತಕ:
ಮೊದಲ ಎರಡು ಬೀಟ್ ಎ, ಆಮೇಲೆ ಜಿ ಒಂದು ಬೀಟ್, ಇ ಒಂದು ಬೀಟ್. ನಾಲ್ಕನೇ ಬಾರ್‌ನಲ್ಲಿ ಸಿಗೆ ಬಂದು ನಿಲ್ಲುತ್ತೆ.

ಎಡಗೈಯಲ್ಲಿ ಎಫ್. ಬಲಗೈಯಲ್ಲಿ ಎ ಫ್ಲಾಟ್, ಸಿ, ಇ ಫ್ಲಾಟ್. ಸೆವೆಂತ್ ಸೇರಿಸಿದರೆ ಇನ್ನೂ ಮೃದುವಾಗುತ್ತೆ ಅನ್ನಿಸಿತ್ತು.

ಮಂದ್ರಸ್ಥಾಯಿ:
ಸಿಕ್ಕಿತು. ನಿಮ್ಮಲ್ಲಿ ತಪ್ಪು ಒಂದಲ್ಲ, ಎರಡು. ಒಂದನ್ನು ಮಾತ್ರ ತಿದ್ದಿದ್ದರೆ ಕರ್ಕಶ ಹೋಗದೆ ತಲೆ ಕೆಡುತ್ತಿತ್ತು.

ಮೊದಲನೆಯದು ಬಾರ್‌ನ ಆರಂಭದಲ್ಲಿ. ಅವರು ಎ ಹಿಡಿದು ಎರಡು ಬೀಟ್ ನಿಲ್ಲುತ್ತಾರೆ, ಅದೇ ಹೊತ್ತಿಗೆ ನೀವು ಎ ಫ್ಲಾಟ್ ಒತ್ತಿರುತ್ತೀರಿ. ಆ ಕಾರ್ಡ್ ಮೈನರ್ ಎಂದು ಕಿವಿಗೆ ತಿಳಿಸುವ ಸ್ವರವೇ ಎ ಫ್ಲಾಟ್. ಗಾಯಕಿ ಅದೇ ಕ್ಷಣ ಅದನ್ನು ಅಲ್ಲಗಳೆಯುತ್ತಿದ್ದಾರೆ. ಎ ಅರೆಕ್ಷಣ ತಾಗಿ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒತ್ತು ಬೀಳುವ ಮೊದಲ ಬೀಟ್‌ನಲ್ಲೇ ಬಂದು ಎರಡು ಬೀಟ್ ನಿಂತಿದ್ದರಿಂದ ಸಿಕ್ಕಿಬಿದ್ದಿದೆ.

ಎರಡನೆಯದು ಬಾರ್‌ನ ಕೊನೆಯಲ್ಲಿ. ನೀವು ಸೇರಿಸಿದ ಸೆವೆಂತ್ ಇ ಫ್ಲಾಟ್, ಅವರು ಹಾಡುವುದು ಇ. ಮತ್ತೆ ಅದೇ ಜಗಳ, ಬೇರೆ ಸ್ವರದಲ್ಲಿ. ನಿಮಗೆ ಬೇಕಿದ್ದದ್ದು ಒಂದು ಎರವಲು ಸ್ವರ, ಸೆವೆಂತ್ ಹಿಂದೆ ಇನ್ನೊಂದು ಗೊತ್ತಿಲ್ಲದೆ ಬಂದುಬಿಟ್ಟಿದೆ.

ತಿದ್ದುವ ದಾರಿ: ಕಾರ್ಡ್ ಅನ್ನು ಎರಡು ಬೀಟ್ ತಡವಾಗಿ ತನ್ನಿ, ಸೆವೆಂತ್ ತೆಗೆದು ಸಿಕ್ಸ್ತ್ ಹಾಕಿ.

```
| C | Am | F  Fm6 | C |
```

ಬಲಗೈ ಬೆರಳು ಹೀಗೆ:

```
F    :  A   C  F
Fm6  :  Ab  C  D
C    :  G   C  E
```

ಎಡಗೈ ಎಫ್, ಎಫ್, ಸಿ. ಈಗ ಗಾಯಕಿಯ ಎ ಪೂರ್ತಿಯಾಗಿ ಮಾಮೂಲಿ ಎಫ್ ಮೇಲೆ ಬೀಳುತ್ತೆ. ಅವರು ಜಿಗೆ ಇಳಿಯುವಾಗ ಕೆಳಗೆ ಬಣ್ಣ ಬದಲಾಗುತ್ತೆ. ಬಲಗೈಯ ಕೆಳಗಿನ ಬೆರಳನ್ನು ನೋಡಿ: ಎ, ಎ ಫ್ಲಾಟ್, ಜಿ. ಎಫ್‌ನಿಂದ ನೇರ ಸಿಗೆ ಹೋದರೆ ಆ ಬೆರಳು ಒಂದು ಪೂರ್ತಿ ಸ್ವರ ಜಿಗಿಯಬೇಕು. ನಡುವೆ ಎ ಫ್ಲಾಟ್ ಬಂದಾಗ ಅದು ಅರ್ಧ ಅರ್ಧ ಇಳಿದು ಪಂಚಮಕ್ಕೆ ಒರಗುತ್ತೆ. ಜನ ವಿಷಾದ, ಹಳೆ ನೆನಪು ಅಂತೆಲ್ಲ ಹೇಳೋದು ಈ ಒಂದು ಬೆರಳಿನ ಇಳಿತವನ್ನೇ.

ಡಿ ಯಾಕೆ ಅಂದರೆ, ಕೊನೆಯ ಬೀಟ್‌ನಲ್ಲಿ ಗಾಯಕಿಯ ಇ ಪಕ್ಕಕ್ಕೇ ಬಲಗೈಯ ಎಫ್ ಇದ್ದರೆ ಅಲ್ಲೂ ಅರ್ಧ ಸ್ವರದ ಉಜ್ಜಾಟ. ಎಫ್ ಹೇಗೂ ಎಡಗೈಯಲ್ಲಿದೆ, ಬಲಗೈಗೆ ಅದು ಬೇಡ. ಡಿ ಇಟ್ಟರೆ ಇಗೆ ಉಸಿರಾಡಲು ಜಾಗ ಸಿಗುತ್ತೆ.

ಆರನೇ_ತಂತಿ:
ಗಿಟಾರ್‌ನಲ್ಲಿ ಇದು ಕೈಗೇ ಕಾಣಿಸುತ್ತೆ. ಎಫ್‌ಗೆ ಪೂರ್ತಿ ಬ್ಯಾರೆ ಹಿಡಿಯಬೇಡಿ, ಮೇಲಿನ ನಾಲ್ಕು ತಂತಿ ಸಾಕು.

```
F   xx3211
Fm  xx3111
C   x32010
```

ಮೂರನೇ ತಂತಿ ನೋಡಿ: ಎರಡನೇ ಫ್ರೆಟ್, ಒಂದನೇ ಫ್ರೆಟ್, ಬಿಟ್ಟ ತಂತಿ. ಎಫ್‌ನಿಂದ ಎಫ್ ಮೈನರ್‌ಗೆ ಮಧ್ಯದ ಬೆರಳು ಎತ್ತಿದರೆ ಮುಗೀತು, ಆದರೆ ತೋರುಬೆರಳು ಮೊದಲೇ ಮೂರು ತಂತಿಯನ್ನೂ ಒತ್ತಿರಬೇಕು. ಎಫ್ ಹಿಡಿಯುವಾಗ ಎರಡೇ ತಂತಿ ಒತ್ತುವ ಅಭ್ಯಾಸ ಇದ್ದರೆ ಬೆರಳು ಎತ್ತಿದಾಗ ಮೂರನೇ ತಂತಿ ಮಂಕಾಗುತ್ತೆ, ಇಲ್ಲವೇ ಬಿಟ್ಟ ತಂತಿಯ ಜಿ ಕೇಳಿಸಿಬಿಡುತ್ತೆ.

ಬೇರೆ ಶ್ರುತಿಯಲ್ಲೂ ಇದೇ ಇಳಿತ ಒಂದೇ ತಂತಿಯಲ್ಲಿ ಸಿಗುತ್ತೆ. ಎ ಮೇಜರ್‌ನಲ್ಲಿ ಡಿ, ಡಿ ಮೈನರ್, ಎ ನುಡಿಸಿದರೆ ಒಂದನೇ ತಂತಿ 2, 1, 0. ಇ ಮೇಜರ್‌ನಲ್ಲಿ ಎ, ಎ ಮೈನರ್, ಇ ನುಡಿಸಿದರೆ ಎರಡನೇ ತಂತಿ 2, 1, 0. ತೊಂದರೆ ಕೊಡೋದು ಜಿ ಮೇಜರ್. ಅಲ್ಲಿ ಸಿ ಮೈನರ್ ಬೇಕು.

```
C   x32010
Cm  x3101x
G   320003
```

ಇಳಿತ ನಾಲ್ಕನೇ ತಂತಿಯಲ್ಲಿದೆ. ಆದರೆ ಸಿ ಮೈನರ್ ಹಿಡಿದಾಗ ಒಂದನೇ ತಂತಿ ಮೊಳಗಲೇಬಾರದು. ಅದು ಇ, ನೀವು ತಂದದ್ದು ಇ ಫ್ಲಾಟ್. ಇಲ್ಲಿ ಹೆಚ್ಚಿನವರು ಎಡವೋದು ಇಷ್ಟಕ್ಕೇ, ಬೈಯೋದು ಮಾತ್ರ ಕಾರ್ಡನ್ನ.

ಬಿಳಿ_ಕೀ_ಕಪ್ಪು_ಕೀ:
ನನ್ನ ಸಾಫ್ಟ್‌ವೇರ್‌ನಲ್ಲಿ ಆ ಸ್ವರ `G#` ಅಂತ ಬರುತ್ತೆ, `Ab` ಅಲ್ಲ. ಒಂದೇ ಕೀ ಅಲ್ವಾ, ಏನು ಕರೆದರೇನು? ಇನ್ನೊಂದು ಮಾತು. ನಾನು ಸಿ ಆದ ಮೇಲೆ ಇ ಮೇಜರ್ ಹಾಕ್ತೀನಿ, ಅದರಲ್ಲೂ ಇದೇ ಕಪ್ಪು ಕೀ ಇದೆ. ಅಂದ್ರೆ ಅದೂ ಪ್ಯಾರಲಲ್ ಮೈನರ್‌ನಿಂದ ತಂದ ಕಾರ್ಡ್ ತಾನೇ?

ಸ್ವರಲಿಪಿ:
ಅಲ್ಲ. ಸಿ ಮೈನರ್‌ನಲ್ಲಿ ಇ ಇಲ್ಲ, ಬಿ ಇಲ್ಲ. ಇ ಮೇಜರ್ ಕಾರ್ಡ್‌ನಲ್ಲಿ ಎರಡೂ ಇವೆ. ಹಾಗಾಗಿ ಅದು ಅಲ್ಲಿಂದ ಬಂದಿರಲು ಸಾಧ್ಯವೇ ಇಲ್ಲ. ಅದು ಎ ಮೈನರ್‌ಗೆ ಅಥವಾ ಎಫ್‌ಗೆ ತಳ್ಳಲು ಬರುವ ಕಾರ್ಡ್. ಅದರ ಕಪ್ಪು ಕೀ ಮೇಲಕ್ಕೆ, ಎ ಕಡೆಗೆ ನೋಡುತ್ತದೆ. ಎಫ್ ಮೈನರ್‌ನ ಕಪ್ಪು ಕೀ ಕೆಳಕ್ಕೆ, ಜಿ ಕಡೆಗೆ ನೋಡುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಕೇಳಿ:

```
| C | E  | F | Fm | C |
  G   G#   A   Ab   G
```

ಕೆಳಗಿನ ಸಾಲನ್ನು ಒಂದೇ ಬೆರಳಿನಲ್ಲಿ ನುಡಿಸಿ. ಎರಡನೇ ಬಾರ್‌ನಲ್ಲಿ ಒತ್ತಿದ ಕೀಯೇ ನಾಲ್ಕನೇ ಬಾರ್‌ನಲ್ಲಿ ಮತ್ತೆ ಬರುತ್ತದೆ. ಹತ್ತುವಾಗ ಒಂದು ಭಾವ, ಇಳಿಯುವಾಗ ಇನ್ನೊಂದು. ಬರೆಯುವಾಗ ಹೆಸರು ಬೇರೆ ಮಾಡುವುದು ಈ ಕಾರಣಕ್ಕೆ, ಓದಿ ನುಡಿಸುವವನಿಗೆ ಮುಂದೆ ಯಾವ ಕಡೆ ಹೋಗಬೇಕು ಅನ್ನುವುದು ಹೆಸರಿನಲ್ಲೇ ಇರುತ್ತದೆ. ಸಾಫ್ಟ್‌ವೇರ್‌ಗೆ ಹಾಡಿನ ಶ್ರುತಿ ಸಿ ಎಂದಷ್ಟೇ ಗೊತ್ತು, ನೀವು ಎತ್ತ ಹೊರಟಿದ್ದೀರಿ ಅಂತ ಗೊತ್ತಿಲ್ಲ.

ಧೈವತಪ್ರಿಯೆ:
ಕರ್ನಾಟಕ ಸಂಗೀತ ಹಾಡುವವರಿಗೆ ಹೀಗೆ ಹೇಳಿದರೆ ಬೇಗ ಹಿಡಿಯುತ್ತಾರೆ: ಶಂಕರಾಭರಣದಲ್ಲಿ ಚತುಶ್ರುತಿ ಧೈವತವನ್ನು ಶುದ್ಧ ಧೈವತ ಮಾಡಿದರೆ ಸರಸಾಂಗಿ. ಎಫ್ ಮೈನರ್ ಬಂದ ಎರಡು ಬೀಟ್ ಹಾಡು ಸರಸಾಂಗಿಯ ಸ್ವರಗಳ ಮೇಲೆ ನಿಂತಿರುತ್ತೆ. ಗಾಂಧಾರ ಅಂತರ ಗಾಂಧಾರವೇ ಆಗಿರಬೇಕು. ಮಂದ್ರಸ್ಥಾಯಿಯವರು ಸೆವೆಂತ್ ತೆಗೆಸಿದ್ದು ಸಾಧಾರಣ ಗಾಂಧಾರವನ್ನು ಹೊರಗಿಟ್ಟ ಹಾಗಾಯಿತು.

ಆದರೆ ಒಂದು ಅನುಮಾನ. ಒಂದು ರಾಗದಲ್ಲಿ ಎರಡು ಧೈವತ ಹೀಗೆ ಬೆನ್ನುಬೆನ್ನಿಗೆ ಬಂದರೆ ರಾಗಭಾವ ಉಳಿಯುತ್ತಾ? ನನ್ನ ಕಿವಿಗೆ ಅದು ಬಣ್ಣ ಅನ್ನಿಸೋದಿಲ್ಲ, ರಾಗ ಕದಲಿದ ಹಾಗೆ ಅನ್ನಿಸುತ್ತೆ.

ಮಂದ್ರಸ್ಥಾಯಿ:
ಕದಲಲಿ ಅಂತಲೇ ಹಾಕೋದು ಮೇಡಂ! ರಾಗದ ಲೆಕ್ಕದಲ್ಲಿ ನಿಮ್ಮ ಆಕ್ಷೇಪ ಸರಿಯಾದದ್ದೇ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಕಾರ್ಡ್‌ಗಳ ಹಾಡಿನಲ್ಲಿ ಎರಡು ಧೈವತ ಗಾಯಕಿಯ ಬಾಯಲ್ಲಿ ಬರಬೇಕಾಗಿಲ್ಲ, ಹಿಂದಿನ ವಾದ್ಯದಲ್ಲಿ ಬಂದರೆ ಸಾಕು.

ನೀವು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಫ್ ಮೈನರ್ ಆದ ಮೇಲೆ ಬಿ ಫ್ಲಾಟ್ ಸೆವೆಂತ್ ಹಾಕಿ ಸಿಗೆ ಬರುವ ದಾರಿಯೂ ಇದೆ. ಆಗ ನಿಷಾದವೂ ಕೈಶಿಕಿ ಆಗುತ್ತೆ, ಸ್ವರಗಳು ಚಾರುಕೇಶಿಯವು. ಅಲ್ಲಿ ಕೊಳಲೋ ಪಿಟೀಲೋ ನಡುವೆ ಒಂದು ತುಣುಕು ನುಡಿಸಬೇಕಿದ್ದರೆ ಚಾರುಕೇಶಿಯ ಸ್ವರ ಹಿಡಿದರೆ ಎರಡೂ ಕಾರ್ಡ್‌ಗೆ ಹೊಂದುತ್ತೆ. ಕಾರ್ಡ್ ಸಿಗೆ ವಾಪಸ್ ಬಂದ ಕ್ಷಣ ಕಾಕಲಿ ನಿಷಾದಕ್ಕೆ, ಚತುಶ್ರುತಿ ಧೈವತಕ್ಕೆ ಮರಳಬೇಕು.

ತಾಳ_ತಪ್ಪದವ:
ಸರಿ, ಪ್ಯಾರಲಲ್ ಅಂದ್ರೆ ಏನು ಅಂತ ಈಗ ಅರ್ಥವಾಯ್ತು. ಹಾಗಾದ್ರೆ ಸಿ ಮೈನರ್‌ನ ಯಾವ ಕಾರ್ಡ್ ಬೇಕಾದ್ರೂ ತಂದು ಇಡಬಹುದು ಅಂತಾಯ್ತು. ಎ ಫ್ಲಾಟ್ ಮೇಜರ್, ಇ ಫ್ಲಾಟ್ ಮೇಜರ್, ಎಲ್ಲ ಒಂದೇ ಗುಂಪು.

ಸ್ವರಲಿಪಿ:
ಒಂದೇ ಗುಂಪು ಹೌದು, ಒಂದೇ ತೂಕ ಅಲ್ಲ. ಆ ಮೂರು ಎರವಲು ಸ್ವರಗಳ ಪೈಕಿ ಕಾರ್ಡ್‌ನಲ್ಲಿ ಎಷ್ಟಿವೆ ಎಣಿಸಿ. ಎಫ್ ಮೈನರ್‌ನಲ್ಲಿ ಒಂದು, ಬಿ ಫ್ಲಾಟ್ ಮೇಜರ್‌ನಲ್ಲಿ ಒಂದು. ಎ ಫ್ಲಾಟ್ ಮೇಜರ್‌ನಲ್ಲಿ ಎರಡು, ಇ ಫ್ಲಾಟ್ ಮೇಜರ್‌ನಲ್ಲೂ ಎರಡು. ಎಣಿಕೆಗಿಂತ ಮುಖ್ಯ, ಆ ಎರಡರಲ್ಲೂ ಇ ಫ್ಲಾಟ್ ಇದೆ. ಹಾಡು ಮೇಜರೋ ಮೈನರೋ ಎಂದು ಹೇಳುವ ಸ್ವರವೇ ಅದು. ಎಫ್ ಮೈನರ್ ಬಂದಾಗ ಮನೆಯೊಳಗೆ ದೀಪ ಸಣ್ಣದಾದ ಹಾಗೆ, ಎ ಫ್ಲಾಟ್ ಮೇಜರ್ ಬಂದಾಗ ಮನೆಯೇ ಬೇರೆ ಆದ ಹಾಗೆ. ಈ ಹಾಡಿನಲ್ಲಿ ಮೂರನೇ ಬಾರ್‌ಗೆ ಎ ಫ್ಲಾಟ್ ಮೇಜರ್ ಇಟ್ಟರೆ ಗಾಯಕಿಯ ಎ ಮತ್ತು ಇ ಎರಡೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ.

ಬಿ ಫ್ಲಾಟ್ ಮೇಜರ್ ಆದರೆ ಪರವಾಗಿಲ್ಲ. ಗಾಯಕಿಯ ಎ ಅದಕ್ಕೆ ಮೇಜರ್ ಸೆವೆಂತ್ ಆಗುತ್ತದೆ. ಬಿ ಫ್ಲಾಟ್ ಎಡಗೈಯಲ್ಲಿ ದೂರ ಇದ್ದರೆ ಅದು ಸಹ್ಯ, ಬಲಗೈಯಲ್ಲಿ ಆ ಎ ಪಕ್ಕದಲ್ಲೇ ಇದ್ದರೆ ಅಲ್ಲ. ಬಣ್ಣ ಮಾತ್ರ ಬೇರೆ. ಅದರಲ್ಲಿ ವಿಷಾದ ಕಡಿಮೆ, ಸ್ವಲ್ಪ ಒರಟು ಧೈರ್ಯ ಇರುತ್ತದೆ.

ಮೂರು_ಸಪ್ತಕ:
ಮಂದ್ರಸ್ಥಾಯಿ ಸರ್, ನೀವು ಹೇಳಿದ ಹಾಗೆ ಮಾಡಿದೆ. ಗಾಯಕಿ ಒಬ್ಬರೇ ಹಾಡಿದಾಗ ಪೂರ್ತಿ ಸರಿಯಾಗಿದೆ. ಎಲ್ಲರೂ ಸೇರಿ ನುಡಿಸಿದಾಗ ಅದೇ ಜಾಗದಲ್ಲಿ ಇನ್ನೂ ಏನೋ ಮಸುಕು. ಜೋಡಿದನಿ ಹಾಡುವವರು ಇಬ್ಬರಿದ್ದಾರೆ, ಬೇಸ್ ಗಿಟಾರ್ ಇದೆ.

ನಾಲ್ಕೇ_ತಂತಿ:
ಬೇಸ್ ನುಡಿಸುವವರು ಮೂರನೇ ಬಾರ್‌ನಲ್ಲಿ ಎಫ್, ಎ, ಸಿ ಅಂತ ಹತ್ತುತ್ತಿದ್ದಾರಾ ಕೇಳಿ. ಬೆರಳಿಗೆ ರೂಢಿಯಾದ ಓಟ ಅದು. ಎಫ್ ಅರ್ಧ ಬಾರ್ ಆದಮೇಲೆ ಎ ಬಂದರೆ ನೇರ ಎ ಫ್ಲಾಟ್‌ಗೆ ಢಿಕ್ಕಿ. ಕೆಳಸ್ಥಾಯಿ ಆದ್ದರಿಂದ ಅದು ಅಪಸ್ವರ ಅಂತ ಬೇರೆಯಾಗಿ ಕೇಳಲ್ಲ, ಮಸುಕಾಗಿಯೇ ಕೇಳುತ್ತೆ. ಸುಲಭ ಉಪಾಯ: ಆ ಬಾರ್ ಪೂರ್ತಿ ಎಫ್ ಒಂದನ್ನೇ ಹಿಡಿಯಲಿ. ಇನ್ನೂ ಚೆನ್ನ ಅಂದರೆ ಮೂರನೇ ಬಾರ್‌ನಿಂದ ಸಿ ಮೇಲೇ ಕೂತುಬಿಡಲಿ. ಎಫ್, ಎಫ್ ಮೈನರ್, ಸಿ ಮೂರರಲ್ಲೂ ಸಿ ಸ್ವರ ಇದೆ. ಬೇಸ್ ಕದಲದಿದ್ದಾಗ ಮೇಲಿನ ಇಳಿತ ಇನ್ನೂ ಸ್ಪಷ್ಟ.

ಮಂದ್ರಸ್ಥಾಯಿ:
ಸಿ ಮೇಲೆ ಕೂರುವುದು ಚೆನ್ನ, ಒಂದು ಷರತ್ತಿನೊಂದಿಗೆ. ಆಗ ಎಡಗೈ ಎಫ್ ಬಿಡಬೇಕಾಗುತ್ತೆ. ಎಫ್ ಎಲ್ಲೂ ಇಲ್ಲದೆ ಬರೀ ಎ ಫ್ಲಾಟ್, ಸಿ, ಡಿ ಉಳಿದರೆ ಕಾರ್ಡ್ ಬುಡವಿಲ್ಲದ ಹಾಗಾಗುತ್ತೆ. ಗಿಟಾರ್‌ನವರು ಎಫ್ ಹಿಡಿದರೆ ಸರಿ.

ಜೋಡಿದನಿಯವರ ಬಗ್ಗೆ: ಅವರಲ್ಲಿ ಒಬ್ಬರು ಮೂರನೇ ಬಾರ್‌ನಲ್ಲಿ ಎ ಹಿಡಿದು ಪೂರ್ತಿ ಬಾರ್ ಎಳೆಯುತ್ತಿರಬಹುದು. ಮೊದಲ ಸಲದ ಪಲ್ಲವಿಯಲ್ಲಿ ಅದು ಸರಿ, ಎರಡನೇ ಸಲ ತಪ್ಪು. ಹೀಗೆ ಪತ್ತೆ ಮಾಡಿ: ಆ ಬಾರ್‌ನ ಮೂರನೇ ಬೀಟ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ, ಹಿಡಿದ ಸ್ವರ ಬಿಡಬೇಡಿ ಅನ್ನಿ. ಒಬ್ಬೊಬ್ಬರನ್ನೇ ಸುಮ್ಮನಾಗಿಸುತ್ತ ಬನ್ನಿ. ಯಾರು ನಿಲ್ಲಿಸಿದಾಗ ತಿಳಿಯಾಗುತ್ತೋ ಅವರದೇ.

ಧೈವತಪ್ರಿಯೆ:
ಸಿಕ್ಕವರಿಗೇ ಆ ಇಳಿತವನ್ನು ಕೊಟ್ಟುಬಿಡಿ. ಎ ಎರಡು ಬೀಟ್, ಎ ಫ್ಲಾಟ್ ಎರಡು ಬೀಟ್, ಮುಂದಿನ ಬಾರ್‌ಗೆ ಜಿ. ಅಭ್ಯಾಸಕ್ಕೆ ಶ್ರುತಿ ಇಟ್ಟುಕೊಂಡು ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ ಅಂತ ಹತ್ತು ಸಲ ಗಮಕವಿಲ್ಲದೆ ಹಾಡಿಸಿ. ಶುದ್ಧ ಧೈವತವನ್ನು ತೂಗಿದರೆ ಕಾರ್ಡ್ ಜೊತೆ ಕೂರಲ್ಲ.

ಮೂರು_ಸಪ್ತಕ:
ಇಬ್ಬರೂ ಸಿಕ್ಕಿಬಿದ್ದರು! ಬೇಸ್‌ನವರು ಎ ಹತ್ತುತ್ತಿದ್ದರು, ಜೋಡಿದನಿಯವರೊಬ್ಬರು ಎ ಎಳೆಯುತ್ತಿದ್ದರು. ಈಗ ಸ್ವಚ್ಛ. ಇನ್ನೊಂದು ಪ್ರಶ್ನೆ, ಪಲ್ಲವಿ ಹಾಡಿನಲ್ಲಿ ಮೂರು ಸಲ ಬರುತ್ತೆ. ಪ್ರತಿ ಸಲವೂ ಎಫ್ ಮೈನರ್ ಹಾಕಲಾ?

ಸ್ವರಲಿಪಿ:
ಬೇಡ. ಕೊನೆಯ ಪಲ್ಲವಿಗೆ ಮಾತ್ರ. ಅದಕ್ಕೂ ಮುಂಚೆ ಅದೇ ಸಾಲನ್ನು ಮಾಮೂಲಿ ಎಫ್‌ನಲ್ಲಿ ಕೇಳಿ ಕಿವಿಗೆ ನಿರೀಕ್ಷೆ ಹುಟ್ಟಿರಬೇಕು, ಆಗಲೇ ಎ ಫ್ಲಾಟ್ ತಾಗುವುದು. ಆರು ಸಲ ಬಂದರೆ ಅದೂ ಸ್ಕೇಲಿನ ಸ್ವರವೇ ಆಗಿಬಿಡುತ್ತದೆ.

ಆರನೇ_ತಂತಿ:
ಒಪ್ಪಲ್ಲ. ಕೊನೆಗೆ ಒಮ್ಮೆ ಮಾತ್ರ ಬಂದರೆ ಯಾರೋ ತಪ್ಪು ಬೆರಳು ಇಟ್ಟರು ಅನ್ನಿಸೋ ಅಪಾಯವೂ ಇದೆ. ಪ್ರತಿ ಪಲ್ಲವಿಯ ಎರಡನೇ ಸಾಲಿನಲ್ಲಿ ತಪ್ಪದೆ ಬಂದರೆ ಅದು ಹಾಡಿನ ಗುರುತಾಗುತ್ತೆ. ಮುಂಚೆ ವಾದ್ಯದ ಭಾಗದಲ್ಲೇ ಬೇರೆ ಅವರು ಎಫ್ ಮೈನರ್ ಕೇಳಿಸಿಬಿಟ್ಟಿದ್ದಾರೆ, ಇನ್ನು ಬಚ್ಚಿಡೋದಕ್ಕೆ ಏನಿದೆ?

ಸ್ವರಲಿಪಿ:
ಆ ವಾದ್ಯದ ಭಾಗದಿಂದ ಅದನ್ನು ತೆಗೆಯಿರಿ ಅಂತಲೇ ನಾನು ಹೇಳುವುದು.

ಮೂರು_ಸಪ್ತಕ:
ಎರಡೂ ರೀತಿ ಧ್ವನಿಮುದ್ರಿಸಿ ಕೇಳ್ತೀನಿ. ಕೊನೆಯಲ್ಲಿ ಗಾಯಕಿ ಸಿ ಹಿಡಿದು ನಾಲ್ಕೈದು ಬೀಟ್ ನಿಲ್ಲುತ್ತಾರೆ. ಅಲ್ಲಿ ಕೆಳಗೆ ನೇರ ಸಿ ಮೇಜರ್ ಬಾರಿಸದೆ ಮೊದಲು ಎಫ್ ಮೈನರ್ ತರಬಹುದಾ?

ಮಂದ್ರಸ್ಥಾಯಿ:
ತರಬಹುದು. ಸಿ ಎರಡು ಕಾರ್ಡ್‌ನಲ್ಲೂ ಇರುವ ಸ್ವರ, ಎಲ್ಲೂ ತಾಗಲ್ಲ. ಇಲ್ಲಿ ಸಿಕ್ಸ್ತ್ ಕೂಡ ಬೇಡ, ಗಾಯಕಿ ಇ ಹಾಡುತ್ತಿಲ್ಲವಲ್ಲ. ಬಲಗೈ ಎ ಫ್ಲಾಟ್, ಸಿ, ಎಫ್ ಹಿಡಿದು ಎರಡು ಬೀಟ್ ನಿಲ್ಲಿ, ಆಮೇಲೆ ಸಿಯನ್ನು ಬಿಡದೆ ಎ ಫ್ಲಾಟ್ ಅನ್ನು ಜಿಗೆ, ಎಫ್ ಅನ್ನು ಇಗೆ ಇಳಿಸಿ. ಎರಡು ಬೆರಳೂ ಒಟ್ಟಿಗೆ ಅರ್ಧ ಸ್ವರ ಇಳಿಯುತ್ತವೆ, ಅವರ ಸ್ವರ ಇದ್ದಲ್ಲೇ ಇರುತ್ತೆ. ಪೆಡಲ್ ಮಾತ್ರ ಸಿ ಬಂದ ಕ್ಷಣ ಎತ್ತಿ ಮತ್ತೆ ಒತ್ತಿ, ಇಲ್ಲದಿದ್ದರೆ ಎ ಫ್ಲಾಟ್ ಜಿ ಜೊತೆ ಉಳಿದುಕೊಳ್ಳುತ್ತೆ.